ಕೆಡವಲು ಒಂದು, ಒಡೆಯಲು ಒಂದು, ಕೆತ್ತಲು ಒಂದು: ಕೊಡಲಿಯ ತಲೆ, ಕಾವಿನ ಉದ್ದ, ಬೀಸುವ ಕ್ರಮ

ತೋಟದ ಮನೆಗಳಲ್ಲಿ ಕೊಡಲಿಯ ಬಗ್ಗೆ ಕೇಳಿಬರುವ ದೂರುಗಳು ಮೂರು. ಸೌದೆಗೆ ಹೊಡೆದರೆ ಸಿಕ್ಕಿಕೊಳ್ಳುತ್ತದೆ. ನಿಂತ ಮರಕ್ಕೆ ಹೊಡೆದರೆ ಜಾರುತ್ತದೆ. ಎಷ್ಟು ಸಲ ಹೊಸ ಕಾವು ಹಾಕಿಸಿದರೂ ತಲೆಯ ಕೆಳಗೇ ಮುರಿಯುತ್ತದೆ. ಮೂರಕ್ಕೂ ಹೆಚ್ಚಿನ ಸಲ ಕಾರಣ ಒಂದೇ. ಸಂತೆಯಲ್ಲಿ ಕೊಂಡ ಒಂದು ಕೊಡಲಿಯನ್ನು ಎಲ್ಲ ಕೆಲಸಕ್ಕೂ, ಒಂದೇ ಬೀಸಿನಲ್ಲಿ ಬಳಸುತ್ತೇವೆ.

ಇಲ್ಲಿ ಒಂದು ಮರವನ್ನು ಹಿಡಿದು ಕೊನೆಯವರೆಗೆ ಹೋಗೋಣ. ಮೂಡಿಗೆರೆ ಅಥವಾ ಸಕಲೇಶಪುರ ಕಡೆಯ ಕಾಫಿ ತೋಟದಲ್ಲಿ ನೆರಳು ಕಡಿಮೆ ಮಾಡಲು ತೆಗೆಯಬೇಕಾದ, ಬುಡದಲ್ಲಿ 8 ಇಂಚು ದಪ್ಪದ ಸಿಲ್ವರ್ ಓಕ್ ಎಂದುಕೊಳ್ಳಿ. ಅದನ್ನು ಕೆಡವಬೇಕು, ಸೌದೆ ಮಾಡಬೇಕು, ಆ ಕೆಲಸಕ್ಕೆ ಬೇಕಾದ ಕಾವನ್ನೂ ನಾವೇ ಕೆತ್ತಿಕೊಳ್ಳಬೇಕು. ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಏಟು ತಪ್ಪಿದರೆ ಬಾಯಿ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಕೊಡಲಿ ಎತ್ತಬೇಡಿ.

1. ಮೊದಲು ತಲೆಯನ್ನು ನೋಡಿ

ಕೊಡಲಿಯನ್ನು ಕೈಯಲ್ಲಿ ಹಿಡಿದು, ಮೇಲಿನಿಂದ, ಅಂದರೆ ಕಾವಿನ ತುದಿ ಕಾಣುವ ಕಡೆಯಿಂದ ನೋಡಿ. ಬಾಯಿಯಿಂದ ಬೆನ್ನಿನವರೆಗೆ ಅದು ಹೇಗೆ ದಪ್ಪವಾಗುತ್ತಾ ಹೋಗುತ್ತದೆ ಎಂಬುದೇ ಅದರ ಕೆಲಸವನ್ನು ಹೇಳುತ್ತದೆ. ಬದಿಯ ಈ ಭಾಗವನ್ನು ಕೆನ್ನೆ ಎನ್ನೋಣ.

ಮರ ಕೆಡವುವ ಕೊಡಲಿಯ ಕೆನ್ನೆ ತೆಳು. ಬಾಯಿಯ ಹಿಂದೆ ಎರಡು ಬೆರಳು ದೂರದವರೆಗೂ ಹೆಚ್ಚು ಉಬ್ಬಿರುವುದಿಲ್ಲ. ಅದು ಎಳೆಗೆ ಅಡ್ಡವಾಗಿ ಕಡಿಯಬೇಕು, ಆಳಕ್ಕೆ ಇಳಿಯಬೇಕು. ಬಾಯಿ ಸ್ವಲ್ಪ ಬಿಲ್ಲಿನಂತೆ ಬಾಗಿರುತ್ತದೆ. ಹಾಗಿದ್ದರೆ ಏಟಿನ ಬಲ ಮೊದಲು ನಡುವಿನ ಒಂದು ಜಾಗದಲ್ಲಿ ಬೀಳುತ್ತದೆ, ಮೂಲೆ ಸಿಕ್ಕಿಕೊಳ್ಳುವುದಿಲ್ಲ. ತಲೆಯ ತೂಕ ಒಂದೂವರೆ ಕೆ.ಜಿ. ಸುತ್ತಮುತ್ತ ಇದ್ದರೆ ಸಾಕು. ಎರಡು ಕೆ.ಜಿ. ಕೊಡಲಿ ಹಿಡಿದವರು ಹತ್ತು ನಿಮಿಷದಲ್ಲಿ ದಣಿಯುತ್ತಾರೆ, ದಣಿದ ಕೈ ಗುರಿ ತಪ್ಪುತ್ತದೆ.

ಸೌದೆ ಒಡೆಯುವ ಕೊಡಲಿಯ ಕೆನ್ನೆ ಬೆಣೆಯಂತೆ ಉಬ್ಬಿರುತ್ತದೆ. ಅದು ಕಡಿಯುವುದಿಲ್ಲ, ಎಳೆಗಳ ನಡುವೆ ನುಗ್ಗಿ ಎರಡೂ ಕಡೆಗೆ ತಳ್ಳುತ್ತದೆ. ತೆಳು ಕೆನ್ನೆಯ ಕೊಡಲಿ ಸೌದೆಯಲ್ಲಿ ಸಿಕ್ಕಿಕೊಳ್ಳುವುದು ಇದಕ್ಕೇ: ಬಾಯಿ ಇಳಿಯಿತು, ತಳ್ಳುವ ದಪ್ಪ ಹಿಂದೆ ಇಲ್ಲ, ಮರ ಎರಡೂ ಕಡೆಯಿಂದ ಒತ್ತಿ ಹಿಡಿಯಿತು. ಸಾಮಾನ್ಯ ಸೌದೆಗೆ ಎರಡು ಕೆ.ಜಿ. ತಲೆ, ದೊಡ್ಡ ಗಂಟು ಕೊರಡಿಗೆ ಎರಡೂವರೆಯಿಂದ ಮೂರು ಕೆ.ಜಿ. ತಲೆ ಸರಿ.

ಕೆತ್ತುವ ಕೊಡಲಿ ಚಿಕ್ಕದು. ತಲೆ 600ರಿಂದ 900 ಗ್ರಾಂ, ಒಂದು ಕೈಯಲ್ಲಿ ಹಿಡಿಯುವಂಥದ್ದು. ಅದರ ಬಾಯಿ ಕೆಳಗಡೆಗೆ ಗಡ್ಡದಂತೆ ಇಳಿದಿದ್ದರೆ ಇನ್ನೂ ಅನುಕೂಲ, ಬೆರಳುಗಳನ್ನು ಬಾಯಿಯ ಹಿಂದಕ್ಕೇ ತಂದು ಹಿಡಿದು ಸಣ್ಣ ಚಕ್ಕೆ ತೆಗೆಯಬಹುದು. ಸಾಣೆ ಹಿಡಿದ ಪಟ್ಟಿ ಚಪ್ಪಟೆಯಾಗಿ ಬಾಯಿಯ ಅಂಚಿನವರೆಗೂ ಹೋಗಬೇಕು. ಅಂಚಿನಲ್ಲಿ ಅದು ದುಂಡಾಗಿದ್ದರೆ ಕೊಡಲಿ ಮರದೊಳಗೆ ಹೋಗದೆ ಮೇಲೆ ಜಾರುತ್ತದೆ. ಬಡಗಿಯ ಮನೆಯ ಬಾಚಿ ಸಿಕ್ಕರೆ ಕೆತ್ತನೆಯ ಒಂದು ಭಾಗ ಅದರಲ್ಲೂ ಆಗುತ್ತದೆ. ಆದರೆ ಬಾಚಿಯ ಏಟು ನಮ್ಮ ಕಡೆಗೇ ಬರುವಂಥದ್ದು, ಅದರ ಅಭ್ಯಾಸವೇ ಬೇರೆ.

ಕಮ್ಮಾರರ ಹತ್ತಿರ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿಸಿಕೊಳ್ಳುವವರು ಕೆನ್ನೆಯ ದಪ್ಪವನ್ನು ಬಾಯಿಬಿಟ್ಟು ಹೇಳಿ. "ಒಂದು ಕೊಡಲಿ ಮಾಡಿಕೊಡಿ" ಎಂದರೆ ನಡುವಿನ ಆಕಾರದ್ದು ಬರುತ್ತದೆ, ಅದು ಕಡಿಯಲೂ ಒಡೆಯಲೂ ಅರೆಬರೆ. ಕಾವು ಕೂರುವ ತೂತು ಮೊಟ್ಟೆಯಾಕಾರದಲ್ಲಿರಲಿ ಎಂದೂ ಹೇಳಿ. ದುಂಡು ತೂತಿನಲ್ಲಿ ತಲೆ ತಿರುಗಿಕೊಳ್ಳುತ್ತದೆ.

2. ಕಾವಿನ ಉದ್ದ: ಕಾಲಿನ ಲೆಕ್ಕ

ಉದ್ದ ಕಾವು ಅಪಾಯ, ಗಿಡ್ಡ ಕಾವು ಸುರಕ್ಷಿತ ಎಂದು ಬಹಳ ಜನ ನಂಬಿದ್ದಾರೆ. ಎರಡು ಕೈಯಲ್ಲಿ ಬೀಸುವಾಗ ಇದು ತಲೆಕೆಳಗು.

ಕೊಡಲಿ ಬೀಸಿದಾಗ ಬಾಯಿ ಒಂದು ವೃತ್ತದಲ್ಲಿ ತಿರುಗುತ್ತದೆ. ಕಾವು ಮೂರು ಅಡಿ ಇದ್ದರೆ ವೃತ್ತ ದೊಡ್ಡದು. ಗುರಿ ತಪ್ಪಿದರೂ ಬಾಯಿ ಪಾದದ ಮುಂದೆಯೇ ನೆಲಕ್ಕೆ ತಾಗಿ ನಿಲ್ಲುತ್ತದೆ. ಅದೇ ಕಾವು ಒಂದೂವರೆ ಅಡಿ ಇದ್ದರೆ ವೃತ್ತ ಚಿಕ್ಕದಾಗಿ, ನೆಲ ಮುಟ್ಟುವ ಮೊದಲೇ ಬಾಯಿ ಮೊಣಕಾಲ ಕೆಳಗಿನ ಮೂಳೆಗೆ ಬರುತ್ತದೆ. ತೂಕದ ತಲೆಗೆ ಗಿಡ್ಡ ಕಾವು ಹಾಕಿ ನಿಂತುಕೊಂಡು ಎರಡೂ ಕೈಯಲ್ಲಿ ಬೀಸುವುದು ಎಲ್ಲಕ್ಕಿಂತ ಕೆಟ್ಟ ಜೋಡಿ.

ಅಳತೆಗಳು ಹೀಗಿರಲಿ. ಕೆಡವಲು 30ರಿಂದ 34 ಇಂಚು. ಒಡೆಯಲು 32ರಿಂದ 36 ಇಂಚು. ಕೆತ್ತಲು 14ರಿಂದ 17 ಇಂಚು, ಅದೂ ಒಂದೇ ಕೈಗೆ.

ನಿಮ್ಮ ಮೈಕಟ್ಟಿಗೆ ಹೊಂದಿಸಲು, ಕೆಡವುವ ಕೊಡಲಿಯ ತಲೆಯನ್ನು ಅಂಗೈಯಲ್ಲಿ ಹಿಡಿದು ಕಾವನ್ನು ತೋಳಿನುದ್ದಕ್ಕೂ ಇಡಿ. ಬುಡ ಕಂಕುಳಿಗೆ ತಲುಪಿದರೆ ಸರಿ. ಎರಡು ಇಂಚು ಹೆಚ್ಚಾದರೆ ತೊಂದರೆಯಿಲ್ಲ. ಮುಂಗೈ ನಡುವಿಗೇ ಮುಗಿದರೆ ಅದನ್ನು ನಿಂತು ಬೀಸಬೇಡಿ. ಅಂಥದ್ದೇ ಇದೆ, ಬೇರೆ ಇಲ್ಲ ಎಂದಾದರೆ ಮಂಡಿಯೂರಿ ಕೆಲಸ ಮಾಡಿ. ಆಗ ಕೈ ನೆಲಕ್ಕೆ ಹತ್ತಿರವಾಗಿ, ತಪ್ಪಿದ ಏಟು ಕಾಲಿಗೆ ಬರುವ ಮೊದಲು ಮಣ್ಣಿಗೆ ಬೀಳುತ್ತದೆ.

3. ಬೀಸುವ ಮೊದಲ ಪರೀಕ್ಷೆ

ಕಾವಿನ ಬುಡವನ್ನು ಹಿಡಿದು ತಲೆ ಕೆಳಗಾಗಿ ಬರುವಂತೆ ಕೊಡಲಿಯನ್ನು ಅಲುಗಿಸಿ. ಸದ್ದು ಬಂದರೆ, ಅಥವಾ ತೂತಿನ ಅಂಚಿನಲ್ಲಿ ಕಾವಿನ ಹೊಸ ಬಿಳಿ ಬಣ್ಣ ಕಂಡರೆ, ತಲೆ ಸರಿದಿದೆ ಎಂದರ್ಥ. ಆ ದಿನ ಬೀಸುವಂತಿಲ್ಲ.

ಬಹಳ ಕಡೆ ಇದಕ್ಕೆ ಮದ್ದು ಬಕೆಟ್ ನೀರು. ರಾತ್ರಿ ನೆನೆಹಾಕಿದರೆ ಕಾವು ಉಬ್ಬಿ ಬಿಗಿಯಾಗುತ್ತದೆ, ನಿಜ. ಆದರೆ ಕಬ್ಬಿಣದ ತೂತಿನೊಳಗೆ ಉಬ್ಬಲು ಜಾಗವಿಲ್ಲದೆ ಎಳೆಗಳು ಜಜ್ಜಿಹೋಗುತ್ತವೆ. ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ನಮ್ಮ ಕಡೆ ಮಳೆಗಾಲದಲ್ಲಿ ಬಿಗಿಯಾಗಿದ್ದ ಕೊಡಲಿ ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಾಡುವುದು ಇದೇ ಕಾರಣಕ್ಕೆ. ಬೆಣೆ ಬದಲಿಸುವುದೇ ಸರಿಯಾದ ದಾರಿ, ಅದು ಕೊನೆಯ ಹಂತದಲ್ಲಿದೆ.

ಬಾಯಿಯ ಕೋನ ಅಳೆಯಲು ಒಂದು ಕಾಗದ ಸಾಕು. ಕಾಗದದ ಚೌಕ ಮೂಲೆ 90 ಡಿಗ್ರಿ. ಒಂದು ಸಲ ಮಡಚಿದರೆ 45, ಇನ್ನೊಂದು ಸಲ ಮಡಚಿದರೆ 22.5. ಕೆಡವುವ ಮತ್ತು ಕೆತ್ತುವ ಕೊಡಲಿಯ ಬಾಯಿ ಎರಡನೇ ಮಡಿಕೆಗಿಂತ ಸ್ವಲ್ಪ ಅಗಲವಿರಲಿ, ಅಂದರೆ 25ರಿಂದ 30 ಡಿಗ್ರಿ. ಒಡೆಯುವ ಕೊಡಲಿ 35ರ ಹತ್ತಿರ. ಅದಕ್ಕೆ ಹರಿತಕ್ಕಿಂತ ಗಟ್ಟಿ ಅಂಚು ಮುಖ್ಯ.

ಹರಿತ ಮಾಡಲು ಅರ ಹಿಡಿಯಿರಿ, ಆಮೇಲೆ ಸಾಣೆಕಲ್ಲು. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ, ವಾಪಸು ಎಳೆಯುವಾಗ ಎತ್ತಿ. ವೆಲ್ಡಿಂಗ್ ಅಂಗಡಿಯ ಗ್ರೈಂಡರ್‌ಗೆ ಕೊಟ್ಟು, ಬಾಯಿ ನೀಲಿಯಾಗಿ ಬಂದರೆ ಆ ಜಾಗದ ಹದ ಹೋಗಿದೆ. ಎಷ್ಟು ಹರಿತ ಮಾಡಿದರೂ ನಾಲ್ಕು ಏಟಿಗೆ ಮೊಂಡಾಗುತ್ತದೆ. ನೀಲಿ ಭಾಗವನ್ನು ಅರದಿಂದ ಪೂರ್ತಿ ಸವೆಸಬೇಕು, ಇಲ್ಲವೇ ಕುಲುಮೆಯಲ್ಲಿ ಮತ್ತೆ ಹದ ಕೊಡಿಸಬೇಕು. ಮೊಂಡು ಕೊಡಲಿ ಕೈ ಕಡಿಯುವುದಿಲ್ಲ ಎಂದು ಯಾರೂ ನಂಬಬೇಡಿ. ಜಾರುವುದು ಮೊಂಡು ಕೊಡಲಿಯೇ.

ಕಾಲಿಗೆ ಗಟ್ಟಿ ತುದಿಯ ಬೂಟು ಹಾಕಿ. ತೋಟದ ಗಮ್ ಬೂಟು ಜಿಗಣೆ ತಡೆಯಬಹುದು, ಕೊಡಲಿಯನ್ನಲ್ಲ. ಹತ್ತಿಯ ಗ್ಲೌಸ್ ಬೇಡ, ಕಾವು ಜಾರುತ್ತದೆ. ಸಿಲ್ವರ್ ಓಕ್‌ನ ಪುಡಿ, ರಸ ಕೆಲವರಿಗೆ ಚರ್ಮದ ಮೇಲೆ ತುರಿಕೆಯ ಗುಳ್ಳೆ ತರುತ್ತದೆ. ಅಂಥವರು ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಒಬ್ಬರೇ ಹೋಗಬೇಡಿ. ಇಳಿಜಾರಿನ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಗಾಯವಾದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದೇ ಇರಬೇಕು, ತೆಗೆದು ತೆಗೆದು ನೋಡಬಾರದು. 108ಕ್ಕೆ ಕರೆ ಮಾಡಲು ಇನ್ನೊಬ್ಬರು ಬೇಕೇ ಬೇಕು.

4. ಮರ ಕೆಡವುವುದು

ಸಿಲ್ವರ್ ಓಕ್ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬೀಟೆ, ಹೊನ್ನೆ, ಮತ್ತಿಯಂಥ ಕಾಡುಮರವಾದರೆ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಕೊಡಲಿ ಆಮೇಲೆ.

ಮೊದಲು ಮೇಲೆ ನೋಡಿ. ಒಣಗಿ ತೂಗುತ್ತಿರುವ ರೆಂಬೆ ಇದೆಯೇ? ಏಟಿನ ಅದುರಿಗೆ ಅದು ನೇರ ತಲೆಯ ಮೇಲೆ ಬೀಳುತ್ತದೆ. ಪಕ್ಕದ ಮರಕ್ಕೆ ಬಳ್ಳಿ ಹೆಣೆದಿದೆಯೇ? ಹೆಣೆದ ಮರ ನೆಟ್ಟಗೆ ಬೀಳದೆ ತಿರುಗುತ್ತದೆ. ಮೆಣಸಿನ ಬಳ್ಳಿ ಹಬ್ಬಿದ್ದರೆ ಮೊದಲು ಬಳ್ಳಿ ಇಳಿಸಿ. ಬಳ್ಳಿಯ ಮೇಲೆ ಹೊಡೆದ ಏಟು ಜಾರುತ್ತದೆ, ಬಳ್ಳಿಯೂ ಹಾಳು. ಬಳಿಕ ಕೊಡಲಿಯ ಬೆನ್ನಿನಿಂದ ಬುಡವನ್ನು ತಟ್ಟಿ. ಡೊಳ್ಳು ಬಡಿದಂತೆ ಕೇಳಿದರೆ ಒಳಗೆ ಪೊಳ್ಳು. ಪೊಳ್ಳು ಮರ, ಕರೆಂಟ್ ತಂತಿಯ ಪಕ್ಕದ ಮರ, 10 ಇಂಚಿಗಿಂತ ದಪ್ಪದ ಮರ, ಬೇಕಾದ ದಿಕ್ಕಿಗೆ ಎದುರಾಗಿ ವಾಲಿದ ಮರ: ಈ ನಾಲ್ಕನ್ನು ಪಳಗಿದವರಿಗೆ ಬಿಡಿ.

ಬೀಳಬೇಕಾದ ದಿಕ್ಕು ನಿರ್ಧರಿಸಿ. ಕಾಫಿ ಸಾಲುಗಳ ನಡುವಿನ ದಾರಿ ಸಿಕ್ಕರೆ ಒಳ್ಳೆಯದು. ಓಡುವ ದಾರಿ ಅದಕ್ಕೆ ನೇರ ಹಿಂದಕ್ಕಲ್ಲ, ಹಿಂದಕ್ಕೆ ಓರೆಯಾಗಿ ಇರಲಿ. ಬೀಳುವಾಗ ಬುಡ ನೇರ ಹಿಂದಕ್ಕೆ ಒದೆಯಬಹುದು. ಆ ದಾರಿಯಲ್ಲಿ ಬಿದ್ದ ಕೊಂಬೆ, ಕಲ್ಲು ಈಗಲೇ ತೆಗೆಯಿರಿ. ಉಳಿದವರೆಲ್ಲ ಮರದ ಎರಡು ಪಟ್ಟು ಎತ್ತರದಷ್ಟು ದೂರ. ಮರ 40 ಅಡಿ ಇದ್ದರೆ 80 ಅಡಿ.

ಈಗ ಕೊಡಲಿಯನ್ನು ಕೈಚಾಚಿ ಹಿಡಿದು, ಬೀಸುವ ದಾರಿಯಲ್ಲಿ ನಿಧಾನವಾಗಿ ತಿರುಗಿಸಿ. ಕಾಫಿಯ ಒಂದು ಚಿಗುರು ರೆಂಬೆ ತಗುಲಿದರೂ ಕತ್ತಿಯಿಂದ ಸವರಿ. ಪೂರ್ತಿ ಬೀಸಿನಲ್ಲಿ ಕಾವಿಗೆ ಬೆರಳು ದಪ್ಪದ ರೆಂಬೆ ತಾಗಿದರೆ ಸಾಕು, ಬಾಯಿ ದಿಕ್ಕು ಬದಲಿಸುತ್ತದೆ. ಈ ಕೆಲಸ ಬಿಟ್ಟವರೇ ಹೆಚ್ಚು ಗಾಯ ಮಾಡಿಕೊಳ್ಳುವುದು.

ನಿಲ್ಲುವ ರೀತಿ. ಬಲಗೈಯವರಾದರೆ ಎಡಗೈ ಕಾವಿನ ಬುಡದಲ್ಲಿ, ಅಲುಗದಂತೆ. ಬಲಗೈ ತಲೆಯ ಹತ್ತಿರ. ಬೀಸುತ್ತಾ ಬಲಗೈ ಜಾರಿ ಎಡಗೈಯನ್ನು ಸೇರಬೇಕು. ಪಾದಗಳು ಹೆಗಲಿನಷ್ಟು ಅಗಲ, ಎರಡೂ ಮರದಿಂದ ಒಂದೇ ದೂರದಲ್ಲಿ. ಬಲದಿಂದ ಎಡಕ್ಕೆ ಬಂದ ಏಟು ಜಾರಿದರೆ ಬಾಯಿ ಹೋಗುವುದು ಎಡಗಾಲಿನ ಕಡೆಗೆ. ಎಡಗಾಲು ಮುಂದಿಟ್ಟು ನಿಲ್ಲುವುದು ಅತಿ ಸಾಮಾನ್ಯ ತಪ್ಪು. ದೂರ ಸರಿಯಿದೆಯೇ ಎಂದು ತಿಳಿಯಲು ಎರಡೂ ಕೈ ಬುಡದಲ್ಲಿಟ್ಟು, ಕೈ ಚಾಚಿ, ಬಾಯಿಯನ್ನು ಗುರುತಿನ ಮೇಲೆ ಇರಿಸಿ ನೋಡಿ. ಮುಂದಕ್ಕೆ ಬಾಗಬೇಕಾದರೆ ಹತ್ತಿರ ಬನ್ನಿ. ಮೊಣಕೈ ಮಡಚಬೇಕಾದರೆ ಹಿಂದೆ ಸರಿಯಿರಿ.

ಇಳಿಜಾರಿನಲ್ಲಿ ಮೇಲ್ಗಡೆ ಅಥವಾ ಪಕ್ಕದಲ್ಲಿ ನಿಲ್ಲಿ, ಕೆಳಗಡೆ ಬೇಡ. ಪಾದಕ್ಕೆ ಸಮತಟ್ಟು ಸಿಗದಿದ್ದರೆ ಗುದ್ದಲಿಯಿಂದ ಎರಡು ಮೆಟ್ಟಿಲು ಕಡಿದುಕೊಳ್ಳಿ.

ಮುಂಗಚ್ಚು. ಬೀಳಬೇಕಾದ ಕಡೆ, ಮೊಣಕಾಲಿಗಿಂತ ತುಸು ಮೇಲೆ ಮೊದಲ ಕಚ್ಚು. ಆಳ ಮರದ ದಪ್ಪದ ಮೂರರಲ್ಲಿ ಒಂದು ಭಾಗ, ಅಂದರೆ ನಮ್ಮ 8 ಇಂಚಿನ ಮರಕ್ಕೆ ಎರಡೂವರೆ ಇಂಚು. ಕಚ್ಚಿನ ಬಾಯಿಯೂ ಅಷ್ಟೇ, ಅಥವಾ ಅರ್ಧ ಇಂಚು ಹೆಚ್ಚು ಅಗಲ. ಕಿರಿದಾದ ಕಚ್ಚಿನಲ್ಲಿ ಚಕ್ಕೆ ಹೊರಬರುವುದಿಲ್ಲ, ಕೊಡಲಿ ಸಿಕ್ಕಿಕೊಳ್ಳುತ್ತದೆ.

ಮೇಲಿನ ಏಟು 45 ಡಿಗ್ರಿ ಇಳಿಜಾರಾಗಿ, ಕೆಳಗಿನ ಏಟು ಸುಮಾರು ಸಮತಟ್ಟಾಗಿ. ಎರಡನ್ನೂ ಸರದಿಯಲ್ಲಿ ಹಾಕುತ್ತಾ ಹೋದರೆ ಚಕ್ಕೆ ತಾನೇ ಹಾರುತ್ತದೆ. ಮೇಲಿನ ಏಟನ್ನೂ ಎಳೆಗೆ ನೇರ ಅಡ್ಡವಾಗಿ ಹೊಡೆದರೆ ಅರ್ಧ ಇಂಚೂ ಇಳಿಯುವುದಿಲ್ಲ. ತೀರ ಕಡಿದಾಗಿ, ಕಾಂಡಕ್ಕೆ ಸವರಿದಂತೆ ಹೊಡೆದರೆ ತೊಗಟೆಯ ಮೇಲೆ ಜಾರಿ ಕೆಳಕ್ಕೆ, ಕಾಲಿನ ಕಡೆಗೆ ಬರುತ್ತದೆ. ಚಕ್ಕೆ ಅಂಗೈಯಷ್ಟು ಬರುತ್ತಿದ್ದರೆ ಕೋನ ಸರಿ. ಪುಡಿ ಉದುರುತ್ತಿದ್ದರೆ ಕೋನ ತಪ್ಪು, ಇಲ್ಲವೇ ಬಾಯಿ ಮೊಂಡು.

ಹಿಂಗಚ್ಚು. ಎದುರು ಬದಿಯಲ್ಲಿ, ಮುಂಗಚ್ಚಿನ ತಳಕ್ಕಿಂತ ಒಂದೂವರೆ ಇಂಚು ಮೇಲೆ ಎರಡನೆಯದು. ಇದನ್ನು ಮುಂಗಚ್ಚಿಗೆ ಸೇರಿಸಬಾರದು. ನಡುವೆ ಒಂದು ಇಂಚು ದಪ್ಪದ ಪಟ್ಟಿ ಉಳಿಯಬೇಕು. ಬಾಗಿಲಿಗೆ ಕೀಲು ಇದ್ದಂತೆ ಬೀಳುವ ಮರವನ್ನು ಅದೇ ಹಿಡಿದು ದಿಕ್ಕು ತೋರಿಸುವುದು. ಪೂರ್ತಿ ಕಡಿದರೆ ಮರಕ್ಕೆ ಹಿಡಿತವೇ ಇಲ್ಲ, ಯಾವ ಕಡೆಗಾದರೂ ಬೀಳಬಹುದು. ಹಿಂಗಚ್ಚಿಗೆ ಗರಗಸ ಸಿಕ್ಕರೆ ಅದನ್ನೇ ಬಳಸಿ, ಪಟ್ಟಿಯ ದಪ್ಪ ಸಮನಾಗಿ ಉಳಿಯುತ್ತದೆ.

ಕೊನೆಯ ಇಂಚಿನಲ್ಲಿ ಪ್ರತಿ ಎರಡು ಏಟಿಗೊಮ್ಮೆ ನಿಂತು ತುದಿ ನೋಡಿ. ತುದಿ ಅಲುಗಿದರೆ, ಚಟಚಟ ಸದ್ದು ಬಂದರೆ, ಹಿಂಗಚ್ಚಿನ ಬಾಯಿ ತೆರೆದುಕೊಂಡರೆ ಇನ್ನೊಂದು ಏಟಿಗೆ ಆಸೆಪಡಬೇಡಿ. ಓರೆ ದಾರಿಯಲ್ಲಿ ಹಿಂದೆ ಸರಿಯಿರಿ. ಬೇರೆ ಮರಕ್ಕೆ ಸಿಕ್ಕಿ ನಿಂತರೆ ಅದರ ಕೆಳಗೆ ಹೋಗಬೇಡಿ, ಹಿಡಿದಿರುವ ಮರವನ್ನು ಕಡಿಯುವ ಯೋಚನೆ ಬೇಡ. ಹಗ್ಗ ಹಾಕಿ ದೂರದಿಂದ ಎಳೆಸಬೇಕು.

ಬಿದ್ದ ಮರದ ರೆಂಬೆ ಸವರುವಾಗ ಕಾಂಡ ನಿಮಗೂ ರೆಂಬೆಗೂ ನಡುವೆ ಇರಲಿ. ಬುಡದಿಂದ ತುದಿಯ ಕಡೆಗೆ, ರೆಂಬೆಯ ಕೆಳಮೈಗೆ ಹೊಡೆಯಿರಿ. ಕವಲಿನ ಒಳಮೂಲೆಗೆ ಹೊಡೆದರೆ ಸೀಳಿ ಸಿಕ್ಕಿಕೊಳ್ಳುತ್ತದೆ.

5. ಸೌದೆ ಒಡೆಯುವುದು

ಕಾಂಡವನ್ನು 12ರಿಂದ 14 ಇಂಚಿನ ತುಂಡುಗಳಾಗಿ ಗರಗಸದಲ್ಲಿ ಕೊಯ್ಯಿರಿ. ಒಡೆಯಲು ಕೆಳಗೊಂದು ಅಗಲ ಕೊರಡು ಬೇಕು, ಎತ್ತರ ಮೊಣಕಾಲಿಗಿಂತ ಕಡಿಮೆ. ನೆಲದ ಮೇಲೇ ಇಟ್ಟು ಒಡೆದರೆ ಬಾಯಿ ಕಲ್ಲಿಗೆ ತಾಗುತ್ತದೆ. ಕೊರಡು ಸೊಂಟದೆತ್ತರ ಇದ್ದರೆ ಏಟಿಗೆ ಬಲ ಬರುವ ಮೊದಲೇ ಬಡಿಯುತ್ತದೆ.

ತುಂಡನ್ನು ಕೊರಡಿನ ನಡುವೆ ಇಡಬೇಡಿ, ನಿಮ್ಮಿಂದ ದೂರದ ಅಂಚಿಗೆ ಇಡಿ. ಇಷ್ಟೇ ಚಿಕ್ಕ ಬದಲಾವಣೆ, ಆದರೆ ಏಟು ಗಿಡ್ಡವಾಗಿ ಬಿದ್ದರೂ ಬಾಯಿ ಕೊರಡಿನ ಹತ್ತಿರದ ಭಾಗಕ್ಕೆ ಬಡಿದು ನಿಲ್ಲುತ್ತದೆ. ಹತ್ತಿರದ ಅಂಚಿಗೆ ಇಟ್ಟರೆ ಅದೇ ಏಟು ಕೊರಡನ್ನು ಸವರಿಕೊಂಡು ಪಾದಕ್ಕೆ ಬರುತ್ತದೆ.

ಒಡೆಯುವ ಮೊದಲು ತುಂಡಿನ ಮುಖ ನೋಡಿ. ಒಣಗಿದಾಗ ಬಿಟ್ಟ ಬಿರುಕು ಇದ್ದರೆ ಆ ಗೆರೆಯ ಮೇಲೇ ಹೊಡೆಯಿರಿ. ಗಂಟು ಇದ್ದ ಕಡೆಯನ್ನು ಕೆಳಗೆ ಮಾಡಿ. ದೊಡ್ಡ ತುಂಡಾದರೆ ನಡುವಿಗೆ ಹೊಡೆಯದೆ ಅಂಚಿನಿಂದ ಎರಡು ಇಂಚಿನ ಹೋಳುಗಳನ್ನು ಸುತ್ತಲೂ ತೆಗೆಯುತ್ತಾ ಬನ್ನಿ. ಕವಲಿನ ತುಂಡುಗಳಲ್ಲಿ ಎಳೆಗಳು ಒಂದಕ್ಕೊಂದು ಹೆಣೆದಿರುತ್ತವೆ, ಅವನ್ನು ಬದಿಗಿಟ್ಟು ಹಾಗೇ ನೀರೊಲೆಗೆ ಹಾಕಿ. ನೀಲಗಿರಿಯನ್ನು ಹಸಿ ಇರುವಾಗಲೇ ಒಡೆಯುವುದು ಸುಲಭ, ಒಣಗಿದ ಮೇಲೆ ಕಬ್ಬಿಣವಾಗುತ್ತದೆ.

ಬೀಸು. ಪಾದಗಳು ಒಂದೇ ಸಾಲಿನಲ್ಲಿ, ಹೆಗಲಿನಷ್ಟು ಅಗಲ. ಒಂದು ಕಾಲು ಮುಂದೆ ಇಡುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಕೊಡಲಿಯನ್ನು ಬೆನ್ನ ಹಿಂದಕ್ಕೆ ತೂಗಿಬಿಡಬೇಡಿ, ನೆತ್ತಿಯ ನೇರ ಮೇಲೆ ಎತ್ತಿದರೆ ಸಾಕು. ಇಳಿಸುವಾಗ ಬಲಗೈ ಜಾರಿ ಎಡಗೈ ಸೇರುತ್ತದೆ, ತೋಳು ನೆಟ್ಟಗಾಗುತ್ತದೆ, ಜೊತೆಗೇ ಮಂಡಿ ಮಡಚಿ ಸೊಂಟ ಕೆಳಗಿಳಿಯಬೇಕು.

ಈ ಮಂಡಿ ಮಡಚುವುದೇ ಮುಖ್ಯ. ಮಂಡಿ ನೆಟ್ಟಗಿದ್ದರೆ ಕೈ ಒಂದೇ ಎತ್ತರದಲ್ಲಿ ನಿಲ್ಲುತ್ತದೆ, ಬಾಯಿ ಅದರ ಸುತ್ತ ತಿರುಗಿ ನಮ್ಮ ಕಡೆಗೇ ಬರುತ್ತದೆ. ಸೊಂಟ ಇಳಿದರೆ ಕೈಯೂ ಇಳಿದು ಬಾಯಿ ನೇರ ಕೆಳಕ್ಕೆ ಬೀಳುತ್ತದೆ. ಸರಿಯಾದ ಏಟಿನಲ್ಲಿ, ತಾಗುವ ಕ್ಷಣಕ್ಕೆ ಕಾವು ನೆಲಕ್ಕೆ ಸಮಾನಾಂತರವಾಗಿರುತ್ತದೆ. ಕೊಡಲಿಯ ಬುಡ ಬಾಯಿಗಿಂತ ಮೇಲೆ ಇದ್ದರೆ ನೀವು ಮಂಡಿ ಮಡಚಿಲ್ಲ. ಪಕ್ಕದವರಿಂದ ಮೊಬೈಲ್‌ನಲ್ಲಿ ಒಂದು ವಿಡಿಯೊ ತೆಗೆಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಕಾವು ತಲೆಯ ಕೆಳಗೆ ಮುರಿಯುವುದಕ್ಕೆ ಇಲ್ಲೇ ಕಾರಣವಿದೆ. ತೀರ ಹತ್ತಿರ ನಿಂತರೆ ಬಾಯಿ ತುಂಡನ್ನು ದಾಟಿ, ಕಾವೇ ಅಂಚಿಗೆ ಬಡಿಯುತ್ತದೆ. ನಾಲ್ಕಾರು ಸಲ ಹೀಗಾದರೆ ಎಳೆಗಳು ಜಜ್ಜಿ ಹೋಗಿ, ಐದನೆಯ ಸಲ ತಲೆ ಹಾರುತ್ತದೆ. ತಲೆಯ ಕೆಳಗಿನ ಮೂರು ಇಂಚಿನಲ್ಲಿ ಜಜ್ಜಿದ ಗುರುತು ಕಂಡರೆ ಅರ್ಧ ಹೆಜ್ಜೆ ಹಿಂದೆ ನಿಲ್ಲಿ.

ಕೊಡಲಿ ಸಿಕ್ಕಿಕೊಂಡರೆ ತುಂಡನ್ನೂ ಸೇರಿಸಿ ತಲೆಯ ಮೇಲೆ ಎತ್ತಿ ಬಡಿಯಬೇಡಿ, ತುಂಡು ಕಳಚಿ ಮೈಮೇಲೆ ಬರುತ್ತದೆ. ಕಾವಿನ ಬುಡವನ್ನು ಮೇಲೆ ಕೆಳಗೆ ಅಲುಗಿಸಿ ಬಿಡಿಸಿ. ಪಕ್ಕಕ್ಕೆ ತಿರುಚಿದರೆ ಕಾವು ಸೀಳುತ್ತದೆ. ಕೊಡಲಿಯ ಬೆನ್ನಿಗೆ ಸುತ್ತಿಗೆಯಿಂದ ಹೊಡೆಯುವುದೂ ತಪ್ಪು. ಕಾವಿನ ತೂತು ಅಗಲವಾಗುತ್ತದೆ, ಕಬ್ಬಿಣದ ಚೂರು ಕಣ್ಣಿಗೆ ಹಾರುತ್ತದೆ. ಹೊಡೆಯಲೇಬೇಕಾದರೆ ಪ್ರತ್ಯೇಕ ಕಬ್ಬಿಣದ ಬೆಣೆ ಇಟ್ಟುಕೊಳ್ಳಿ, ಕನ್ನಡಕ ಹಾಕಿ.

ಒಂದು ಹಳೆಯ ಟೈರನ್ನು ಕೊರಡಿಗೆ ಮೊಳೆ ಹೊಡೆದು ಕೂರಿಸಿ, ತುಂಡುಗಳನ್ನು ಅದರೊಳಗೆ ನಿಲ್ಲಿಸಿದರೆ ಒಡೆದ ಸೌದೆ ಚದುರುವುದಿಲ್ಲ, ಪ್ರತಿ ಏಟಿಗೂ ಬಗ್ಗಿ ಎತ್ತಿಡುವ ಕಷ್ಟವೂ ಇಲ್ಲ.

6. ಕಾವು ಕೆತ್ತುವುದು

ಕಾವಿಗೆ ನಮ್ಮ ಕಡೆ ತಡಸಲು ಒಳ್ಳೆಯ ಮರ. ಬಾಗಿ ಮತ್ತೆ ನೆಟ್ಟಗಾಗುತ್ತದೆ, ಏಟಿನ ಅದುರು ಕೈಗೆ ಬರುವುದಿಲ್ಲ. ಅರಸೀಕೆರೆ, ಕಡೂರಿನ ಬಯಲಿನವರಿಗೆ ಜಾಲಿ, ದಿಂಡಿಗ ಆಗುತ್ತದೆ. ಸಿಲ್ವರ್ ಓಕ್‌ನಿಂದ ಮಾತ್ರ ಕಾವು ಮಾಡಬೇಡಿ, ಮುನ್ಸೂಚನೆ ಇಲ್ಲದೆ ಪಟ್ಟನೆ ಮುರಿಯುತ್ತದೆ.

ತುಂಡನ್ನು ಕೊಯ್ಯಬೇಡಿ, ಸೀಳಿ. ಗರಗಸ ಎಳೆಯನ್ನು ಕಡಿದುಕೊಂಡು ನೇರ ಹೋಗುತ್ತದೆ, ಸೀಳು ಎಳೆಯ ಜೊತೆಗೇ ಹೋಗುತ್ತದೆ. 36 ಇಂಚು ಉದ್ದ, ಎರಡೂವರೆ ಇಂಚು ಅಗಲ, ಎರಡು ಇಂಚು ದಪ್ಪದ ಸೀಳು ತೆಗೆದು ನೆರಳಿನಲ್ಲಿ ಒಣಗಿಸಿ. ಹಸಿ ಮರದ ಕಾವು ತೂತಿನೊಳಗೆ ಕುಗ್ಗಿ ತಲೆ ಸಡಿಲವಾಗುತ್ತದೆ. ಬದಿಯಲ್ಲಿ ಎಳೆಯ ಗೆರೆ ಹಿಡಿದು ನೋಡಿ. ಕಾವಿನ ಅರ್ಧ ಉದ್ದವೂ ಹೋಗದೆ ಗೆರೆ ಅಂಚಿನಿಂದ ಹೊರಬಿದ್ದರೆ ಅದು ಸೌದೆ, ಕಾವಲ್ಲ.

ಈಗ ಚಿಕ್ಕ ಕೊಡಲಿ. ಕೆತ್ತಲು ಬೇಕಾದ ಕೊರಡು ಎತ್ತರದ್ದು, ತೊಡೆಯ ಮೇಲ್ಭಾಗದವರೆಗೆ. ಸೀಳನ್ನು ಎಡಗೈಯಲ್ಲಿ ಮೇಲ್ತುದಿ ಹಿಡಿದು, ಕೆಳತುದಿಯನ್ನು ಕೊರಡಿನ ದೂರದ ಭಾಗದಲ್ಲಿ ಊರಿ. ಕೊಡಲಿ ಮರದಿಂದ ಜಾರಿದರೆ ಕೊರಡಿಗೇ ಬೀಳಬೇಕು. ಬಲಗಾಲು ಕೊರಡಿನ ಪಕ್ಕದಿಂದ ಹಿಂದೆ ಇರಲಿ.

ನಿಯಮ ಒಂದೇ, ಅದಕ್ಕೆ ವಿನಾಯಿತಿ ಇಲ್ಲ: ಸೀಳಿನ ಕೆಳಗಿನ ಅರ್ಧವನ್ನು ಮಾತ್ರ ಕೆತ್ತಬೇಕು. ಮೇಲರ್ಧ ಕೆತ್ತಬೇಕಾದಾಗ ಸೀಳನ್ನು ತಲೆಕೆಳಗು ಮಾಡಿ. ಕೈ ಇರುವ ಎತ್ತರಕ್ಕೆ ಕೊಡಲಿಯ ಬಾಯಿ ಯಾವತ್ತೂ ಹೋಗಬಾರದು.

ಗೆರೆ ಎಳೆದುಕೊಂಡ ಮೇಲೆ, ಎರಡೆರಡು ಇಂಚಿಗೆ ಒಂದೊಂದು ಓರೆ ಕಚ್ಚು ಹಾಕಿ. ಆಳ ಗೆರೆಗಿಂತ ಕೊಂಚ ಕಡಿಮೆ. ಆಮೇಲೆ ಅತಿ ಕೆಳಗಿನ ಕಚ್ಚಿನಿಂದ ಶುರುಮಾಡಿ ಮೇಲಕ್ಕೆ ಒಂದೊಂದೇ ಚಕ್ಕೆ ತೆಗೆಯಿರಿ. ಕಚ್ಚು ಇಲ್ಲದೆ ಮೇಲಿನಿಂದ ಒಂದೇ ಸಲ ಸೀಳಲು ಹೋದರೆ ಬಿರುಕು ಗೆರೆ ದಾಟಿ ಒಳಗೆ ಹೋಗುತ್ತದೆ, ಒಂದು ದಿನದ ಕೆಲಸ ಹಾಳಾಗುತ್ತದೆ. ಇಲ್ಲಿ ಬೀಸು ಮೊಣಕೈಯಿಂದ, ಹೆಗಲಿನಿಂದಲ್ಲ. ದಪ್ಪ ಚಕ್ಕೆಗೆ ಕಾವಿನ ಬುಡ ಹಿಡಿಯಿರಿ, ಗೆರೆಯ ಹತ್ತಿರ ಬಂದಂತೆ ಕೈಯನ್ನು ತಲೆಯ ಹತ್ತಿರಕ್ಕೆ ತನ್ನಿ.

ಹಿಡಿಯುವ ಭಾಗ ಕೊನೆಗೆ ಒಂದೂವರೆ ಇಂಚು ಅಗಲ, ಒಂದು ಇಂಚು ದಪ್ಪದ ಮೊಟ್ಟೆಯಾಕಾರಕ್ಕೆ ಬರಲಿ. ದುಂಡು ಕಾವು ಕೈಯಲ್ಲಿ ತಿರುಗುತ್ತದೆ, ಬಾಯಿ ಎತ್ತ ನೋಡುತ್ತಿದೆ ಎಂದು ಕೈಗೆ ತಿಳಿಯುವುದಿಲ್ಲ. ಬುಡದಲ್ಲಿ ಸ್ವಲ್ಪ ಉಬ್ಬು ಬಿಡಿ, ಬೆವರಿದ ಕೈ ಜಾರದಂತೆ ಅದು ತಡೆಯುತ್ತದೆ. ಗಾಜಿನ ಚೂರು ಅಥವಾ ಅರದಿಂದ ನಯ ಮಾಡಿ. ವಾರ್ನಿಷ್ ಬೇಡ, ಅಂಗೈಯಲ್ಲಿ ಬೊಬ್ಬೆ ಬರುತ್ತದೆ.

7. ತಲೆ ಕೂರಿಸುವುದು

ಕಾವಿನ ತುದಿಯನ್ನು ತೂತಿಗೆ ಬಿಗಿಯಾಗಿ ಹೋಗುವಷ್ಟು ತೆಳ್ಳಗೆ ಮಾಡಿ. ತುದಿಯ ನಡುವೆ, ಬಾಯಿಯ ದಿಕ್ಕಿನಲ್ಲೇ, ಗರಗಸದಿಂದ ಒಂದು ಸೀಳು ಹಾಕಿ. ಆಳ ತೂತಿನ ಆಳದ ಮೂರರಲ್ಲಿ ಎರಡು ಭಾಗ.

ತಲೆ ತೊಡಿಸಿ, ಕೊಡಲಿಯನ್ನು ತಲೆ ಕೆಳಗಾಗಿ ಗಾಳಿಯಲ್ಲಿ ತೂಗಿಹಿಡಿದು, ಕಾವಿನ ಬುಡಕ್ಕೆ ಮರದ ಕೊಡತಿಯಿಂದ ಹೊಡೆಯಿರಿ. ತಲೆ ನೆಲ ಮುಟ್ಟಿರಬಾರದು. ಭಾರದ ತಲೆ ಇದ್ದಲ್ಲೇ ನಿಲ್ಲುತ್ತದೆ, ಕಾವು ತಾನೇ ಒಳಕ್ಕೆ ಇಳಿಯುತ್ತದೆ. ತುದಿ ಕಾಲು ಇಂಚು ಹೊರಬಂದ ಮೇಲೆ ಒಣ ಗಟ್ಟಿಮರದ ಬೆಣೆಯನ್ನು ಸೀಳಿಗೆ ಹೊಡೆಯಿರಿ. ಬೆಣೆ ಇಳಿಯುವುದು ನಿಂತು ಸದ್ದು ಬದಲಾದಾಗ ನಿಲ್ಲಿಸಿ, ಮತ್ತೆ ಹೊಡೆದರೆ ಕಾವು ಸೀಳುತ್ತದೆ.

ಬೆಣೆ ಹೊಡೆಯುವ ಮೊದಲೇ ಕಾವನ್ನು ಕಣ್ಣಿನ ಮುಂದೆ ಹಿಡಿದು ಬುಡದಿಂದ ಬಾಯಿಯ ಕಡೆಗೆ ನೋಡಬೇಕು. ಬಾಯಿಯ ಗೆರೆ ಕಾವಿನ ನಡುಗೆರೆಯ ಮೇಲೇ ಇರಬೇಕು. ಒಂದು ಬದಿಗೆ ವಾಲಿದ್ದರೆ ಪ್ರತಿ ಏಟೂ ಆ ಬದಿಗೆ ಜಾರುತ್ತದೆ. ಬೆಣೆ ಬಡಿದ ಮೇಲೆ ಇದನ್ನು ಸರಿಮಾಡಲಾಗದು.

ಕೊನೆಗೆ ಅಗಸೆ ಎಣ್ಣೆ, ತೂತಿನ ಮೇಲೆ ಕಾಣುವ ತುದಿಗೆ ಹೆಚ್ಚಾಗಿ. ತೇವ ಒಳಹೋಗುವುದೂ ಹೊರಬರುವುದೂ ಆ ತುದಿಯಿಂದಲೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಮೊದಲ ದಿನ ಇಪ್ಪತ್ತು ಏಟು ಹೊಡೆದು ತಲೆಯ ಸುತ್ತ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಒಂದು ವಾರದ ನಂತರ ಗೆರೆಗೂ ತಲೆಗೂ ನಡುವೆ ಸಂದು ಕಂಡರೆ ಬೆಣೆಯನ್ನು ತೆಗೆದು ಅದಕ್ಕಿಂತ ಒಂದು ನೂಲು ಹೆಚ್ಚು ದಪ್ಪದ್ದನ್ನು ಹಾಕಿ.